ಮಾಲು ಯಾರ ಮನೆ ಸೇರಿತು?

1967ರಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತದ ಒರ್ಲ್ಯಾಂಡೊ ನಗರದಲ್ಲಿ ಗ್ಲೆನ್ ಟರ್ನರ್ ಎಂಬಾತನು ಕೋಸ್‌ಕಾಟ್ ಇಂಟರ್‌ಪ್ಲಾನೆಟರಿ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಆತನು ಪರರ ಹೊಲವನ್ನು ಪಾಲಿಗೆ ಉಳುವ ಬಡ ರೈತನ ಮಗ, ಹುಟ್ಟಿನಿಂದಲೇ ಸೀಳುತುಟಿಯವನು, ಮನೆಮನೆಗೆ ಹೋಗಿ ಹೊಲಿಗೆ ಯಂತ್ರಗಳನ್ನು ಮಾರಿ ಮಾತಿನ ಕಲೆಯನ್ನು ಕಲಿತವನು. ಹೊಸ ಸಂಸ್ಥೆಯ ಸರಕು ಸ್ತ್ರೀಯರ ಸೌಂದರ್ಯ ಸಾಧನಗಳು. ಮಿಂಕ್ ಎಂಬ ಪ್ರಾಣಿಯ ಎಣ್ಣೆ ಬೆರೆತ ಲೇಪನಗಳೆಂಬುದು ಅವುಗಳ ವಿಶೇಷವೆಂದು ಸಾರಲಾಗುತ್ತಿತ್ತು. ಹೆಸರಿನಲ್ಲಿ ಗ್ರಹಾಂತರ ಸಂಚಾರದ ಸೂಚನೆಯಿದ್ದರೂ ಸಂಸ್ಥೆ ಮಾರಲು ಹೊರಟದ್ದು ಡಬ್ಬಿಯಲ್ಲಿ ತುಂಬಿದ ಮುಲಾಮನ್ನೇ. ಆದರೆ ಅದು ನಿಜವಾಗಿ ಏನನ್ನು ಮಾರುತ್ತಿತ್ತು ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಆ ದೇಶದ ನ್ಯಾಯಾಲಯಗಳಿಗೂ ಸರ್ಕಾರಿ ಆಯೋಗಕ್ಕೂ ಎಂಟು ವರ್ಷಗಳು ಬೇಕಾದವು. ಅವು ಕಂಡುಕೊಂಡ ಉತ್ತರವೇ ಇಂದಿಗೂ ಸದಸ್ಯರ ಸರಪಳಿಯಿಂದ ಬದುಕುವ ಯೋಜನೆಯನ್ನು ಸರಕಿನ ಮಾರಾಟದಿಂದ ಬದುಕುವ ವ್ಯಾಪಾರದಿಂದ ಬೇರ್ಪಡಿಸುವ ಒರೆಗಲ್ಲಾಗಿ ಉಳಿದಿದೆ.

ಕೋಸ್‌ಕಾಟ್‌ನ ರಚನೆಯನ್ನು 1974ರ ಮೇಲ್ಮನವಿ ನ್ಯಾಯಾಲಯದ ತೀರ್ಪು ಸ್ಪಷ್ಟವಾಗಿ ವಿವರಿಸಿದೆ. ಕೆಳಗಿನ ಮೆಟ್ಟಿಲಿನಲ್ಲಿ ಸೌಂದರ್ಯ ಸಲಹೆಗಾರ್ತಿಯರಿದ್ದರು. ಇವರಿಗೆ ಸರಕು ಸಾಮಾನ್ಯವಾಗಿ ನೂರಕ್ಕೆ 45ರ ಸೋಡಿಯಲ್ಲಿ ದೊರೆಯುತ್ತಿತ್ತು. ಅದನ್ನು ಗಿರಾಕಿಗಳಿಗೆ ಮಾರಿ ಬಂದ ಲಾಭವಷ್ಟೇ ಇವರ ಸಂಪಾದನೆ. ಇದರಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ. ಯಾವ ಚಿಲ್ಲರೆ ಅಂಗಡಿಯವನ ಬದುಕೂ ಹೀಗೆಯೇ ಸಾಗುತ್ತದೆ. ಎರಡನೆಯ ಮೆಟ್ಟಿಲಿನ ಮೇಲ್ವಿಚಾರಕನು 1,000 ಡಾಲರು ಕಟ್ಟಬೇಕಾಗಿತ್ತು. ಅವನಿಗೆ ನೂರಕ್ಕೆ 55ರ ಸೋಡಿ. ಜೊತೆಗೆ ತನ್ನಂತೆಯೇ ಇನ್ನೊಬ್ಬ ಮೇಲ್ವಿಚಾರಕನನ್ನು ಕರೆತಂದರೆ ಅವನು ಕಟ್ಟಿದ 1,000 ಡಾಲರಿನಲ್ಲಿ 600 ಡಾಲರು. ಮೇಲಿನ ಮೆಟ್ಟಿಲಿನ ವಿತರಕನು ಕಟ್ಟಬೇಕಾದದ್ದು 5,000 ಡಾಲರು. ಅವನಿಗೆ ನೂರಕ್ಕೆ 65ರ ಸೋಡಿ, ಕರೆತಂದ ಪ್ರತಿ ಮೇಲ್ವಿಚಾರಕನಿಗೆ 600 ಡಾಲರು, ಪ್ರತಿ ವಿತರಕನಿಗೆ 3,000 ಡಾಲರು.

ಲೆಕ್ಕ ಬಲ್ಲವರು ಇಲ್ಲಿ ಕ್ಷಣಕಾಲ ನಿಲ್ಲುತ್ತಾರೆ. 5,000 ಡಾಲರು ಕಟ್ಟಿದ ವಿತರಕನು ಇಬ್ಬರು ವಿತರಕರನ್ನು ಕರೆತಂದರೆ ಅವನ ಕೈಗೆ 6,000 ಡಾಲರು ಬರುತ್ತದೆ. ಹಾಕಿದ ಬಂಡವಾಳ ಮರಳಿತು, ಮೇಲೆ ಒಂದು ಸಾವಿರ ಲಾಭವೂ ಆಯಿತು. ಈ ಅವಧಿಯಲ್ಲಿ ಅವನು ಒಂದೇ ಒಂದು ಮುಲಾಮಿನ ಡಬ್ಬಿಯನ್ನು ಮಾರಬೇಕಾಗಿಲ್ಲ. ಅದೇ ಹಣವನ್ನು ಮುಲಾಮು ಮಾರಿ ಗಳಿಸಬೇಕೆಂದರೆ ಎಷ್ಟು ಬಾಗಿಲುಗಳನ್ನು ತಟ್ಟಬೇಕು, ಎಷ್ಟು ಜನರ ‘ಬೇಡ’ ಎಂಬ ಮಾತನ್ನು ಕೇಳಬೇಕು! ಒಂದೇ ಮನೆಗೆ ಎರಡು ಬಾಗಿಲುಗಳಿದ್ದು, ಒಂದರಲ್ಲಿ ಕಷ್ಟಪಟ್ಟು ಎರಡು ಡಾಲರೂ, ಇನ್ನೊಂದರಲ್ಲಿ ಮಾತಿನಿಂದಲೇ ಮೂರು ಸಾವಿರವೂ ದೊರೆಯುವುದಾದರೆ ಜನರು ಯಾವ ಬಾಗಿಲಿಗೆ ನುಗ್ಗುವರೆಂಬುದನ್ನು ಹೇಳಬೇಕಾಗಿಲ್ಲ. ಯೋಜನೆಯನ್ನು ರೂಪಿಸಿದವರಿಗೂ ಅದು ತಿಳಿದೇ ಇತ್ತು.

ಆ ಬಾಗಿಲಿನ ಬಳಿ ನಡೆಯುತ್ತಿದ್ದುದೂ ತೀರ್ಪಿನಲ್ಲಿ ದಾಖಲಾಗಿದೆ. ಸದಸ್ಯನ ಮುಖ್ಯ ಕೆಲಸವೆಂದರೆ ಪರಿಚಿತರನ್ನು ‘ಅವಕಾಶದ ಸಭೆ’ಗೆ ಕರೆತರುವುದು. ಯೋಜನೆಯ ವಿವರವನ್ನು ತಾನಾಗಿ ಹೇಳದೆ, ಕುತೂಹಲವನ್ನಷ್ಟೇ ಕೆರಳಿಸಿ ಕರೆತರಬೇಕು. ಸಭೆಯಲ್ಲಿ ಮಾತನಾಡುವವರು ಬರೆದುಕೊಟ್ಟ ಪಾಠವನ್ನೇ ಒಪ್ಪಿಸಬೇಕು. ಸದಸ್ಯರು ಸಿರಿವಂತರಂತೆ ಉಡುಪು ತೊಡಬೇಕು, ಬೆಲೆಬಾಳುವ ಕಾರಿನಲ್ಲಿ ಬರಬೇಕು. ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಹೂಡಿಕೆಯ ಕಾಯಿದೆಗೆ ಸಂಬಂಧಿಸಿದ್ದು. ಹಣ ಕಟ್ಟಿದವನ ಲಾಭವು ಅವನ ದುಡಿಮೆಯಿಂದ ಬರುತ್ತದೆಯೇ, ಸಂಸ್ಥೆ ನಡೆಸುವ ಈ ಸಭೆಗಳ ಪ್ರಭಾವದಿಂದ ಬರುತ್ತದೆಯೇ? ಸಭೆಗಳಿಂದಲೇ ಎಂದು ನ್ಯಾಯಾಲಯ ತೀರ್ಮಾನಿಸಿತು. ಟರ್ನರನ ಇನ್ನೊಂದು ಸಂಸ್ಥೆಯು ಆತ್ಮವಿಶ್ವಾಸ ಬೆಳೆಸುವ ಪಾಠಗಳ ಧ್ವನಿಸುರುಳಿಗಳನ್ನು ಇದೇ ಕ್ರಮದಲ್ಲಿ ಮಾರುತ್ತಿತ್ತು. 1973ರಲ್ಲಿ ಮತ್ತೊಂದು ಮೇಲ್ಮನವಿ ನ್ಯಾಯಾಲಯ ಅದನ್ನು ಕುರಿತು, ಜನರು ಹಣ ಕೊಟ್ಟು ಕೊಂಡದ್ದು ಪಾಠಗಳನ್ನಲ್ಲ, ಆ ಪಾಠಗಳನ್ನು ಇತರರಿಗೆ ಮಾರಿಸಿ ಬರುವ ಹಣದ ಪಾಲನ್ನು ಎಂಬ ಅಭಿಪ್ರಾಯಕ್ಕೆ ಬಂದಿತು. ಮುಲಾಮು ಇದ್ದ ಕಡೆ ಧ್ವನಿಸುರುಳಿ ಬಂದರೂ ಯಂತ್ರದ ಚಲನೆಯಲ್ಲಿ ವ್ಯತ್ಯಾಸವೇನೂ ಆಗಿರಲಿಲ್ಲ.

1975ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೋಸ್‌ಕಾಟ್ ಪ್ರಕರಣದಲ್ಲಿ ನೀಡಿದ ಆದೇಶವು ಪಿರಮಿಡ್ ಯೋಜನೆಗೆ ಒಂದು ಲಕ್ಷಣವನ್ನು ಹೇಳಿತು. ಅದರ ಭಾವ ಹೀಗೆ: ಸೇರುವವನು ಸಂಸ್ಥೆಗೆ ಹಣ ಕೊಡುತ್ತಾನೆ, ಅದಕ್ಕೆ ಪ್ರತಿಯಾಗಿ ಅವನಿಗೆ ಎರಡು ಹಕ್ಕುಗಳು ದೊರೆಯುತ್ತವೆ. ಒಂದು, ಸರಕನ್ನು ಮಾರುವ ಹಕ್ಕು. ಎರಡು, ಇತರರನ್ನು ಸೇರಿಸಿದ್ದಕ್ಕಾಗಿ ಪ್ರತಿಫಲ ಪಡೆಯುವ ಹಕ್ಕು. ಈ ಪ್ರತಿಫಲಕ್ಕೂ ಸರಕನ್ನು ಕಟ್ಟಕಡೆಗೆ ಬಳಸುವ ಗಿರಾಕಿಗೆ ಆದ ಮಾರಾಟಕ್ಕೂ ಸಂಬಂಧವಿರುವುದಿಲ್ಲ. ಸರಕು ಇರಬಾರದೆಂದು ಈ ಲಕ್ಷಣ ಹೇಳುವುದಿಲ್ಲ ಎಂಬುದನ್ನು ಗಮನಿಸಬೇಕು. ‘ನಮ್ಮಲ್ಲಿ ವಸ್ತು ಇದೆ, ಆದ್ದರಿಂದ ಇದು ವ್ಯಾಪಾರ’ ಎಂಬ ವಾದ ಅಲ್ಲಿಗೇ ಬಿದ್ದುಹೋಗುತ್ತದೆ. ಅನೇಕ ಮೆಟ್ಟಿಲುಗಳಿರುವುದೂ ದೋಷವಲ್ಲ. ಸಗಟು ವ್ಯಾಪಾರಿ, ಅಡತಿಯವನು, ಚಿಲ್ಲರೆಯವನು ಎಂಬ ಮೆಟ್ಟಿಲುಗಳು ಎಲ್ಲ ಪೇಟೆಗಳಲ್ಲಿಯೂ ಇವೆ. ದಲಾಲಿ ಹೆಚ್ಚಾಗಿರುವುದೂ ದೋಷವಲ್ಲ. ಕೊಡುತ್ತಿರುವ ಹಣದ ಮೂಲ ಯಾವುದು ಎಂಬುದೊಂದೇ ಪ್ರಶ್ನೆ.

ಈ ಮೂಲವನ್ನು ಕಿರ್ದಿ-ಖಾತೆಯ ರೀತಿಯಲ್ಲಿ ಹುಡುಕಿದರೆ ವಿಷಯ ನಿಚ್ಚಳವಾಗುತ್ತದೆ. ಕೇವಲ ಉದಾಹರಣೆಗಾಗಿ ನಮ್ಮ ನಾಣ್ಯದಲ್ಲೇ ಒಂದು ಯೋಜನೆಯನ್ನು ಕಲ್ಪಿಸಿಕೊಳ್ಳಬಹುದು. ಸೇರುವವನು 12,000 ರೂಪಾಯಿ ಕೊಟ್ಟು ಒಂದು ಪೆಟ್ಟಿಗೆ ಸಾಮಾನು ಕೊಳ್ಳಬೇಕು. ಅದೇ ಗುಣದ ಸಾಮಾನು ಊರಿನ ಅಂಗಡಿಯಲ್ಲಿ 3,000 ರೂಪಾಯಿಗೆ ದೊರೆಯುತ್ತದೆ. ಯೋಜನೆಯವರು ‘ಪ್ರವೇಶ ಶುಲ್ಕವಿಲ್ಲ’ ಎನ್ನುತ್ತಾರೆ. ಆದರೆ 9,000 ರೂಪಾಯಿ ಶುಲ್ಕವು ಪೆಟ್ಟಿಗೆಯೊಳಗೆ ಅಡಗಿದೆ. ಒಬ್ಬನನ್ನು ಕರೆತಂದವನಿಗೆ 3,000 ರೂಪಾಯಿ. ಮೂವರನ್ನು ಕರೆತಂದರೆ 9,000 ಕೈಸೇರಿ, 3,000ದ ಸಾಮಾನು ಮನೆಯಲ್ಲಿರುವುದರಿಂದ ಅವನ ಲೆಕ್ಕ ಸರಿದೂಗುತ್ತದೆ.

ಪ್ರತಿಯೊಬ್ಬನೂ ಮೂವರನ್ನು ತಪ್ಪದೆ ಕರೆತಂದನೆಂದೇ ಇಟ್ಟುಕೊಳ್ಳೋಣ. ಮೊದಲು ಒಬ್ಬ, ಅವನ ಕೆಳಗೆ 3, ಅನಂತರ 9, 27, 81, 243. ಒಟ್ಟು 364 ಜನ. ಇಲ್ಲಿಗೆ ಊರಿನ ಪರಿಚಿತರೆಲ್ಲ ಮುಗಿದರು, ಸರಪಳಿ ನಿಂತಿತು. ಮೇಲಿನ 121 ಜನ ತಲಾ 9,000 ಪಡೆದು ಸರಿದೂಗಿದ್ದಾರೆ. ಕೊನೆಯ ಸಾಲಿನ 243 ಜನ ಯಾರನ್ನೂ ತರಲಾಗದೆ ತಲಾ 9,000 ಕಳೆದುಕೊಂಡಿದ್ದಾರೆ. ಅವರ ಒಟ್ಟು ನಷ್ಟ 21,87,000 ರೂಪಾಯಿ. ಈಗ ಸಂಸ್ಥೆಯ ಖಾತೆಯನ್ನು ತೆರೆದು ನೋಡಬೇಕು. 364 ಜನರಿಂದ ತಲಾ 9,000ದಂತೆ ಹೆಚ್ಚುವರಿಯಾಗಿ ಬಂದದ್ದು 32,76,000. ಕರೆತಂದವರಿಗೆ ಹಂಚಿದ್ದು 363 ಪ್ರವೇಶಗಳಿಗೆ ತಲಾ 3,000ದಂತೆ 10,89,000. ಸಂಸ್ಥೆಯ ಬಳಿ ಉಳಿದದ್ದು 21,87,000. ಕೊನೆಯ ಸಾಲಿನವರು ಕಳೆದುಕೊಂಡ ಮೊತ್ತಕ್ಕೂ ಇದಕ್ಕೂ ಒಂದು ರೂಪಾಯಿಯ ಅಂತರವಿಲ್ಲ.

ಇದು ಆಕಸ್ಮಿಕವಾಗಿ ಕೂಡಿ ಬಂದ ಅಂಕೆಯಲ್ಲ. ಹೊರಗಿನ ಒಬ್ಬ ಗಿರಾಕಿಯ ಹಣವೂ ಈ ವೃತ್ತದೊಳಗೆ ಬಂದಿಲ್ಲವಾದ್ದರಿಂದ ಒಬ್ಬನ ಜಮೆ ಇನ್ನೊಬ್ಬನ ಖರ್ಚೇ ಆಗಿರಬೇಕು. ಸರಪಳಿ ಆರನೆಯ ಸಾಲಿನ ಬದಲು ಹತ್ತನೆಯ ಸಾಲಿನಲ್ಲಿ ನಿಂತಿದ್ದರೂ ಸದಸ್ಯರ ಮೂರರಲ್ಲಿ ಎರಡು ಪಾಲು ಜನ ಕೊನೆಯ ಸಾಲಿನಲ್ಲಿಯೇ ಇರುತ್ತಿದ್ದರು. ನಷ್ಟದ ಮೊತ್ತ ಮಾತ್ರ ಬೆಳೆಯುತ್ತಿತ್ತು. ‘ಶ್ರಮಪಟ್ಟರೆ ಎಲ್ಲರೂ ಗೆಲ್ಲಬಹುದು, ಸೋತವನು ಸೋಮಾರಿ’ ಎಂದು ಸಭೆಗಳಲ್ಲಿ ಹೇಳುವುದುಂಟು. ಮೇಲಿನ ಲೆಕ್ಕದಲ್ಲಿ ಸೋಮಾರಿಗೆ ಸ್ಥಳವೇ ಇಲ್ಲ. ಎಲ್ಲರೂ ಶ್ರಮಿಗಳೆಂದು ಒಪ್ಪಿಕೊಂಡ ಮೇಲೂ 243 ಜನ ಸೋತಿದ್ದಾರೆ. ಇನ್ನು ಸರಪಳಿ ನಿಲ್ಲುವುದೇ ಇಲ್ಲವೆಂಬ ಮಾತು. ಪ್ರತಿ ಸದಸ್ಯನೂ ತಿಂಗಳಿಗೆ ಒಬ್ಬನನ್ನಷ್ಟೇ ತರುತ್ತ ಹೋದರೂ ಒಬ್ಬನಿಂದ ಆರಂಭವಾದ ಸಂಖ್ಯೆ 20 ತಿಂಗಳಲ್ಲಿ ಹತ್ತು ಲಕ್ಷವನ್ನೂ, 28 ತಿಂಗಳಲ್ಲಿ 26 ಕೋಟಿಯನ್ನೂ ದಾಟುತ್ತದೆ. ಕೋಸ್‌ಕಾಟ್ ನಡೆಯುತ್ತಿದ್ದಾಗ ಅಮೆರಿಕದ ಒಟ್ಟು ಜನಸಂಖ್ಯೆ, ತೊಟ್ಟಿಲ ಕೂಸುಗಳನ್ನೂ ಸೇರಿಸಿ, ಸುಮಾರು 20 ಕೋಟಿ.

ಅದೇ ಪೆಟ್ಟಿಗೆಯನ್ನು ಒಬ್ಬ ಮಾರಾಟಗಾರನು ಸಂಸ್ಥೆಯಿಂದ 2,500ಕ್ಕೆ ಕೊಂಡು, ಯೋಜನೆಯ ಗೊಡವೆಯೇ ಇಲ್ಲದ ಪಕ್ಕದ ಬೀದಿಯ ಗೃಹಿಣಿಗೆ 3,000ಕ್ಕೆ ಮಾರಿದನೆಂದು ಭಾವಿಸಿದರೆ ಚಿತ್ರ ಬೇರೆಯಾಗುತ್ತದೆ. ಆಕೆ ಕೊಟ್ಟ ಹಣಕ್ಕೆ ಸಮನಾದ ವಸ್ತು ಆಕೆಯ ಮನೆ ಸೇರಿತು. ಮಾರಿದವನಿಗೆ 500 ಉಳಿಯಿತು. ಅವನನ್ನು ಈ ಕೆಲಸಕ್ಕೆ ತಂದು ತರಬೇತಿ ಕೊಟ್ಟವನಿಗೆ ಸಂಸ್ಥೆಯು ತನ್ನ ಲಾಭದಲ್ಲಿ 100 ರೂಪಾಯಿ ಕೊಟ್ಟರೂ ಅದು ಆ ಗೃಹಿಣಿಯ ಖರೀದಿಯಿಂದಲೇ ಹುಟ್ಟಿದ ಹಣ. ನಾಳೆಯಿಂದ ಒಬ್ಬ ಹೊಸ ಸದಸ್ಯನೂ ಸೇರದಿದ್ದರೂ ಆಕೆ ಮುಂದಿನ ತಿಂಗಳು ಮತ್ತೆ ಕೊಳ್ಳಬಹುದು. ಯಾರ ಲೆಕ್ಕವೂ ಕೆಡುವುದಿಲ್ಲ.

ಕೋಸ್‌ಕಾಟ್‌ನ ತಪ್ಪು ಎಲ್ಲರ ಕಣ್ಣಿಗೆ ಕಾಣುವಂಥದಾಗಿತ್ತು, ತಲೆಯೆಣಿಕೆಗೆ ನೇರವಾಗಿಯೇ ಹಣ ಕೊಡುತ್ತಿತ್ತು. ಅನಂತರದ ಪ್ರಕರಣಗಳು ಅಷ್ಟು ಸುಲಭವಲ್ಲ. 1959ರಲ್ಲಿ ಮಿಶಿಗನ್ ಪ್ರಾಂತದಲ್ಲಿ ಆರಂಭವಾದ ಆಮ್ವೇ ಸಂಸ್ಥೆಯ ಮೇಲೆ ಇದೇ ಕಮಿಷನ್ 1975ರಲ್ಲಿ ಆರೋಪ ಹೊರಿಸಿ, 1979ರಲ್ಲಿ ಅದು ಪಿರಮಿಡ್ ಯೋಜನೆಯಲ್ಲವೆಂದು ತೀರ್ಮಾನಿಸಿತು. ಅಲ್ಲಿ ಸದಸ್ಯನನ್ನು ತಂದ ಮಾತ್ರಕ್ಕೆ ಪ್ರತಿಫಲವಿರಲಿಲ್ಲ. ಮಾರಾಟವಾಗದ ಸರಕನ್ನು ಹಿಂದಕ್ಕೆ ಪಡೆಯುವ ನಿಯಮವಿತ್ತು. ತಿಂಗಳಲ್ಲಿ ಕೊಂಡ ಸರಕಿನಲ್ಲಿ ನೂರಕ್ಕೆ 70ರಷ್ಟನ್ನಾದರೂ ಮಾರಿರಬೇಕು, ಹತ್ತು ಬೇರೆ ಬೇರೆ ಚಿಲ್ಲರೆ ಗಿರಾಕಿಗಳಿಗಾದರೂ ಮಾರಿರಬೇಕು, ಇಲ್ಲವಾದರೆ ಕೆಳಗಿನವರ ಖರೀದಿಯ ಮೇಲಿನ ಬೋನಸ್ ದೊರೆಯದು ಎಂಬ ನಿಯಮಗಳೂ ಇದ್ದವು. ದಾಸ್ತಾನನ್ನು ಸದಸ್ಯನ ತಲೆಗೆ ಕಟ್ಟುವುದನ್ನು ಈ ನಿಯಮಗಳು ತಡೆಯುತ್ತವೆಂದು ಕಮಿಷನ್ ಭಾವಿಸಿತು. ಹಾಗೆಂದು ಸಂಸ್ಥೆ ಪೂರ್ಣವಾಗಿ ನಿರ್ದೋಷಿಯಾಗಿ ಹೊರಬರಲಿಲ್ಲ. ಬೆಲೆಯನ್ನು ಕಟ್ಟುಮಾಡಿದ್ದಕ್ಕೂ ಸದಸ್ಯರ ಗಳಿಕೆಯನ್ನು ಉತ್ಪ್ರೇಕ್ಷಿಸಿದ್ದಕ್ಕೂ ಕಮಿಷನ್ ನಿರ್ಬಂಧ ವಿಧಿಸಿತು. ಇದನ್ನು ‘ಕಾನೂನಿನ ಒಪ್ಪಿಗೆಯಿದೆ’ ಎಂದು ಸಭೆಗಳಲ್ಲಿ ಉದ್ಧರಿಸುವವರು ಸಾಮಾನ್ಯವಾಗಿ ಈ ಎರಡನೆಯ ಭಾಗವನ್ನು ಬಿಟ್ಟುಬಿಡುತ್ತಾರೆ.

1979ರ ತೀರ್ಮಾನದ ನಂತರ ಬಂದ ಅನೇಕ ಯೋಜನೆಗಳು ಈ ನಿಯಮಗಳನ್ನು ತಮ್ಮ ಪುಸ್ತಕದಲ್ಲಿ ಅಚ್ಚುಹಾಕಿಸಿಕೊಂಡವು. ಪುಸ್ತಕದಲ್ಲಿ ನಿಯಮವಿರುವುದು ಬೇರೆ, ಅದು ಜಾರಿಯಲ್ಲಿರುವುದು ಬೇರೆ ಎಂಬುದನ್ನು ಎತ್ತಿ ಹೇಳಿದ್ದು 1996ರ ಆಮ್ನಿಟ್ರಿಶನ್ ಪ್ರಕರಣ. ಪೌಷ್ಟಿಕ ಪದಾರ್ಥಗಳನ್ನು ಮಾರುತ್ತಿದ್ದ ಈ ಸಂಸ್ಥೆಯಲ್ಲಿ ಸೇರಲು ದೊಡ್ಡ ಶುಲ್ಕವಿರಲಿಲ್ಲ. ಆದರೆ ಬೋನಸ್ ಪಡೆಯುವ ಮೇಲ್ವಿಚಾರಕನಾಗಲು ಸಾವಿರಾರು ಡಾಲರುಗಳ ಸರಕನ್ನು ಒಂದೆರಡು ತಿಂಗಳಲ್ಲಿ ಕೊಳ್ಳಬೇಕಾಗಿತ್ತು, ಆ ಪದವಿಯಲ್ಲಿ ಉಳಿಯಲು ಮತ್ತೆ ಕೊಳ್ಳುತ್ತಿರಬೇಕಾಗಿತ್ತು. ಬೋನಸ್ ಕೆಳಗಿನವರು ಸಂಸ್ಥೆಯಿಂದ ಎಷ್ಟು ತರಿಸಿಕೊಂಡರು ಎಂಬುದರ ಮೇಲೆ ನಿರ್ಧಾರವಾಗುತ್ತಿತ್ತು; ಅವರು ಹೊರಗಿನವರಿಗೆ ಎಷ್ಟು ಮಾರಿದರು ಎಂಬುದರ ಮೇಲಲ್ಲ. ನೂರಕ್ಕೆ 70ರ ನಿಯಮ ಅಲ್ಲಿಯೂ ಇತ್ತು. ಆದರೆ ತನ್ನ ಕೆಳಗಿನ ಸದಸ್ಯನಿಗೆ ದಾಟಿಸಿದ್ದನ್ನೂ ಮಾರಾಟವೆಂದು ತೋರಿಸಬಹುದಾಗಿದ್ದರೆ, ಹೊರಗಿನ ಗಿರಾಕಿಯ ಮುಖವನ್ನೇ ಕಾಣದೆ ಆ ನಿಯಮವನ್ನು ಪಾಲಿಸಬಹುದು. ಇಂತಹ ನಿಯಮಗಳು ನಿಜಕ್ಕೂ ಜಾರಿಯಾಗಿ, ಬಳಕೆದಾರನಿಗೆ ಮಾರಾಟವಾಗುವಂತೆ ಮಾಡುತ್ತಿವೆಯೇ ಎಂಬುದಕ್ಕೆ ಸಾಕ್ಷ್ಯ ಬೇಕೆಂದು ನ್ಯಾಯಾಲಯ ಹೇಳಿತು.

ಇಲ್ಲಿಯೇ ಇಂದಿನ ಯೋಜನೆಗಳ ಮರ್ಮವಿದೆ. ಕೋಸ್‌ಕಾಟ್‌ನಲ್ಲಿ ಶುಲ್ಕವೆಂದು ಕರೆಯುತ್ತಿದ್ದುದನ್ನು ಈಗ ‘ಮೊದಲ ಖರೀದಿ’ ಎನ್ನುತ್ತಾರೆ. ತಲೆಯೆಣಿಕೆಯ ಪ್ರತಿಫಲವನ್ನು ‘ತಂಡದ ವ್ಯವಹಾರದ ಅಂಕ’ ಎನ್ನುತ್ತಾರೆ. ಹಾಗಾಗಿ ಶುಲ್ಕವಿಲ್ಲವೆಂದ ಮಾತ್ರಕ್ಕೆ, ಬೋನಸ್ಸು ಸರಕಿನ ಮೇಲೆಯೇ ಸಿಗುತ್ತದೆಂದ ಮಾತ್ರಕ್ಕೆ ಸಮಾಧಾನಪಡುವಂತಿಲ್ಲ. ಪ್ರತಿ ತಿಂಗಳೂ ಇಂತಿಷ್ಟು ಮೊತ್ತದ ಸರಕು ಕೊಳ್ಳದಿದ್ದರೆ ಬೋನಸ್ ನಿಲ್ಲುತ್ತದೆಂಬ ಷರತ್ತಿದ್ದರೆ, ಆ ಸರಕನ್ನು ಕೊಳ್ಳುವುದು ಬಳಕೆಗೋ ಬೋನಸ್ಸಿನ ಅರ್ಹತೆಗೋ ಎಂಬುದನ್ನು ಕೇಳಲೇಬೇಕು. ಇದಕ್ಕೆ ಸದಸ್ಯನ ಮನೆಯ ಅಲಮಾರೇ ಉತ್ತರ ಹೇಳುತ್ತದೆ. ಸೀಲು ಒಡೆಯದ ಡಬ್ಬಿಗಳು ಸಾಲಾಗಿ ನಿಂತಿದ್ದು, ಕೆಲವುಗಳ ಬಳಕೆಯ ಅವಧಿಯೂ ಮುಗಿದಿದ್ದರೆ, ಅಲ್ಲಿ ಮಾರಾಟವೂ ಆಗಿಲ್ಲ, ಬಳಕೆಯೂ ಆಗಿಲ್ಲ. ಕಂತಿನಲ್ಲಿ ಶುಲ್ಕ ಸಂದಿದೆ ಅಷ್ಟೆ.

ಒಂದು ಕಷ್ಟವನ್ನು ಮಾತ್ರ ಒಪ್ಪಿಕೊಳ್ಳಬೇಕು. ಸದಸ್ಯರಲ್ಲಿ ಕೆಲವರು ಆ ಸಾಬೂನನ್ನೋ ಪೌಷ್ಟಿಕ ಪುಡಿಯನ್ನೋ ಮೆಚ್ಚಿ, ಸೋಡಿಗಾಗಿಯೇ ಸೇರಿ, ತಮ್ಮ ಮನೆಗೇ ಬಳಸುವುದುಂಟು. ಅವರೂ ಕಟ್ಟಕಡೆಯ ಬಳಕೆದಾರರೇ. ಅವರ ಖರೀದಿಯನ್ನೆಲ್ಲ ಮೋಸವೆಂದರೆ ಅನ್ಯಾಯವಾಗುತ್ತದೆ. ಎಲ್ಲ ಸದಸ್ಯರೂ ಇಂಥವರೇ ಎಂದರೆ ಒರೆಗಲ್ಲೇ ಸವೆದುಹೋಗುತ್ತದೆ. 2016ರಲ್ಲಿ ಹರ್ಬಲೈಫ್ ಸಂಸ್ಥೆಯೊಡನೆ ಅಮೆರಿಕದ ಕಮಿಷನ್ ಮಾಡಿಕೊಂಡ ಇತ್ಯರ್ಥದಲ್ಲಿ ಇದಕ್ಕೊಂದು ಅಳತೆಯಿದೆ. ಸಂಸ್ಥೆಯು 20 ಕೋಟಿ ಡಾಲರು ತೆರುವುದರ ಜೊತೆಗೆ ಅಮೆರಿಕದಲ್ಲಿನ ತನ್ನ ಪ್ರತಿಫಲದ ಕ್ರಮವನ್ನೇ ಬದಲಿಸಲು ಒಪ್ಪಬೇಕಾಯಿತು. ಪ್ರತಿಫಲದ ಮೂರರಲ್ಲಿ ಎರಡು ಪಾಲಾದರೂ ದಾಖಲೆಯುಳ್ಳ ಚಿಲ್ಲರೆ ಮಾರಾಟದ ಮೇಲೆ ನಿಂತಿರಬೇಕು. ಸದಸ್ಯರ ಸ್ವಂತ ಬಳಕೆಯ ಲೆಕ್ಕದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕೊಡಕೂಡದು. ಮನೆಬಳಕೆಯನ್ನು ನಿಷೇಧಿಸಲಿಲ್ಲ, ಆದರೆ ಅದರ ಹೆಸರಿನಲ್ಲಿ ಇಡೀ ಸೌಧವನ್ನು ಕಟ್ಟಲು ಬಿಡಲಿಲ್ಲ.

ಭಾರತದಲ್ಲಿ ಈ ಪ್ರಶ್ನೆಯು ಬೇರೆ ದಾರಿಯಿಂದ ಬಂದಿತು. ಬಹುಮಾನದ ಚೀಟಿಗಳ ಹಾವಳಿಯನ್ನು ತಡೆಯಲು 1978ರಲ್ಲಿ ಸಂಸತ್ತು ಬಹುಮಾನ ಚೀಟಿ ಮತ್ತು ಹಣ ಪರಿಚಲನಾ ಯೋಜನೆಗಳ ನಿಷೇಧ ಕಾಯಿದೆಯನ್ನು ಮಾಡಿತು. ಸದಸ್ಯರ ಸೇರ್ಪಡೆಗೆ ಸಂಬಂಧಿಸಿದ ಘಟನೆಯನ್ನು ಅವಲಂಬಿಸಿ ಶೀಘ್ರವಾಗಿ ಅಥವಾ ಸುಲಭವಾಗಿ ಹಣ ಗಳಿಸುವ ಯೋಜನೆ ಎಂಬುದು ಅದರ ವ್ಯಾಖ್ಯೆಯ ತಿರುಳು. ಮುಲಾಮು, ಸಾಬೂನುಗಳ ಪ್ರಸ್ತಾಪ ಅದರಲ್ಲಿಲ್ಲ. ಆದರೂ 2007ರಲ್ಲಿ ಆಂಧ್ರಪ್ರದೇಶದ ಉಚ್ಚ ನ್ಯಾಯಾಲಯವು ಆಮ್ವೇ ಸಂಸ್ಥೆಯ ಭಾರತೀಯ ಶಾಖೆಯ ಅರ್ಜಿಯನ್ನು ತಳ್ಳಿಹಾಕುತ್ತ, ಅದರ ಯೋಜನೆ ಈ ವ್ಯಾಖ್ಯೆಯೊಳಗೆ ಬರುವಂತಿದೆ ಎಂಬ ನಿಲುವನ್ನು ತಳೆಯಿತು. ಅಮೆರಿಕದಲ್ಲಿ 1979ರಲ್ಲಿ ಪಾರಾದ ಸಂಸ್ಥೆಯೇ ಇಲ್ಲಿಯ ಕಾಯಿದೆಯ ಮಾತುಗಳಲ್ಲಿ ಸಿಕ್ಕಿಕೊಂಡಿತು. ಪ್ರಸಿದ್ಧ ಹೆಸರೊಂದನ್ನೇ ನೆಚ್ಚಿ ತೀರ್ಮಾನಕ್ಕೆ ಬರುವುದು ಎಷ್ಟು ಅಪಾಯಕರವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ. 2016ರಲ್ಲಿ ಕೇಂದ್ರ ಸರ್ಕಾರವು ನೇರ ಮಾರಾಟಕ್ಕೆ ಮಾರ್ಗಸೂಚಿಗಳನ್ನು ಹೊರಡಿಸಿತು. 2021ರ ಡಿಸೆಂಬರಿನಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ನೇರ ಮಾರಾಟದ ನಿಯಮಗಳು ಬಂದು, ನೇರ ಮಾರಾಟದ ಸೋಗಿನಲ್ಲಿ ಪಿರಮಿಡ್ ಯೋಜನೆಯನ್ನಾಗಲಿ ಹಣ ಪರಿಚಲನಾ ಯೋಜನೆಯನ್ನಾಗಲಿ ನಡೆಸುವುದನ್ನು ನಿಷೇಧಿಸಿದವು.

ನಿಯಮಗಳು ಇಷ್ಟಿದ್ದರೂ ಪರೀಕ್ಷೆ ನಡೆಯಬೇಕಾದದ್ದು ಸೇರುವ ಮೊದಲು, ಕರೆಯಲು ಬಂದ ಬಂಧುವೋ ಸ್ನೇಹಿತನೋ ಎದುರಿಗೆ ಕುಳಿತಿರುವಾಗ. ಅವನು ತೋರಿಸುವ ಚೆಕ್ಕಿನ ಪ್ರತಿಯನ್ನು ಬದಿಗಿರಿಸಿ, ಕಳೆದ ತಿಂಗಳು ಅವನಿಂದ ಸಾಮಾನು ಕೊಂಡ, ಸದಸ್ಯರಲ್ಲದ ಹತ್ತು ಜನರ ರಸೀದಿಗಳನ್ನು ಕೇಳಬಹುದು. ನಿಜವಾದ ಮಾರಾಟಗಾರನಲ್ಲಿ ಅವು ಇದ್ದೇ ಇರುತ್ತವೆ. ಗಿರಾಕಿಗಳು ಯಾವ ಬೀದಿಯವರು, ಯಾವಾಗ ಮತ್ತೆ ಕೇಳುತ್ತಾರೆ ಎಂಬುದೂ ಅವನಿಗೆ ಬಾಯಿಪಾಠ. ಅನಂತರ ಅವನ ಪಟ್ಟಿಯಲ್ಲಿನ ಒಂದು ವಸ್ತುವನ್ನು ತೆಗೆದುಕೊಂಡು ಅದೇ ತೂಕದ, ಅದೇ ಗುಣದ ವಸ್ತುವಿಗೆ ಪೇಟೆಯಲ್ಲಿ ಏನು ಬೆಲೆಯೆಂದು ವಿಚಾರಿಸಬಹುದು. ಯೋಜನೆಯ ಮಾತನ್ನೇ ಎತ್ತದೆ, ಅಪರಿಚಿತನೊಬ್ಬನಿಗೆ ಆ ಬೆಲೆಗೆ ಅದನ್ನು ಮಾರಲು ಸಾಧ್ಯವೇ ಎಂದು ಅವನನ್ನೇ ಕೇಳಬಹುದು. ಉಳಿದ ಸರಕನ್ನು ಸಂಸ್ಥೆ ಹಿಂದಕ್ಕೆ ಪಡೆಯುತ್ತದೆ ಎಂದು ಅವನು ಹೇಳಿದರೆ, ಹಾಗೆ ಹಿಂದಿರುಗಿಸಿ ಹಣ ಪಡೆದವರು ಅವನಿಗೆ ತಿಳಿದಂತೆ ಎಷ್ಟು ಜನ, ಎಷ್ಟು ದಿನಗಳಲ್ಲಿ ಪಡೆದರು ಎಂದು ಕೇಳಬಹುದು. ಉತ್ತರವು ಮತ್ತೆ ಮತ್ತೆ ‘ನೀವೂ ಇಬ್ಬರನ್ನು ಸೇರಿಸಿದರೆ’ ಎಂಬಲ್ಲಿಗೇ ಮರಳುತ್ತಿದ್ದರೆ ಕೇಳಬೇಕಾದದ್ದು ಇನ್ನೇನೂ ಉಳಿದಿಲ್ಲ.

ಗ್ಲೆನ್ ಟರ್ನರನ ಕಥೆ 1975ರ ಆದೇಶದೊಡನೆ ಮುಗಿಯಲಿಲ್ಲ. ಮುಂದಿನ ದಶಕದಲ್ಲಿ ಆತನು ಅರಿಜೋನಾ ಪ್ರಾಂತದಲ್ಲಿ ‘ಚಾಲೆಂಜ್ ಟು ಅಮೆರಿಕ’ ಎಂಬ ಹೆಸರಿನ ಮತ್ತೊಂದು ಯೋಜನೆಯೊಡನೆ ಕಾಣಿಸಿಕೊಂಡನು. ಅದೂ ಪಿರಮಿಡ್ಡೇ ಎಂದು ನಿರ್ಧಾರವಾಗಿ, 1987ರಲ್ಲಿ ಆತನಿಗೆ ಏಳು ವರ್ಷಗಳ ಸೆರೆವಾಸ ವಿಧಿಸಲಾಯಿತು. ಈ ಬಾರಿ ಸರಕಾಗಿ ಮುಲಾಮಿನ ಡಬ್ಬಿಯೂ ಇರಲಿಲ್ಲ.